ಕತ್ತರಿ ಎಲ್ಲಿ ಬಿದ್ದಿದೆ?

ಅಪಠಿತ ಗದ್ಯಾಂಶದ ಉತ್ತರಗಳನ್ನು ತಿದ್ದುವುದು ಸುಲಭದ ಕೆಲಸ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಪ್ಪುತ್ತಾರೆ. ಪ್ರಬಂಧದ ಹಾಗೆ ಪುಟಗಟ್ಟಲೆ ಓದಬೇಕಿಲ್ಲ. ವ್ಯಾಕರಣದ ಹಾಗೆ ಒಂದೊಂದು ಅಕ್ಷರ ನೋಡಬೇಕಿಲ್ಲ. ಉತ್ತರ ಗದ್ಯಾಂಶದಲ್ಲೇ ಇರುತ್ತದೆ. ಮಕ್ಕಳು ಅಲ್ಲಿಂದ ಎತ್ತಿ ಬರೆದಿರುತ್ತಾರೆ. ನಾವು ಟಿಕ್ ಹಾಕಿ ಮುಂದೆ ಹೋಗುತ್ತೇವೆ.

ತಕರಾರು ಶುರುವಾಗುವುದು ಆ 'ಎತ್ತಿ ಬರೆದಿರುತ್ತಾರೆ' ಎಂಬಲ್ಲೇ. ಒಬ್ಬರು ಎತ್ತಿ ಬರೆದದ್ದಕ್ಕೆ ಪೂರ್ತಿ ಅಂಕ ಕೊಡುತ್ತಾರೆ. ಇನ್ನೊಬ್ಬರು 'ಸ್ವಂತ ವಾಕ್ಯದಲ್ಲಿ ಬರೆ' ಎಂದು ಕೆಂಪು ಶಾಯಿಯಲ್ಲಿ ಗೀಚಿ ಅರ್ಧ ಕಡಿಯುತ್ತಾರೆ. ಒಂದೇ ಶಾಲೆ, ಒಂದೇ ಉತ್ತರ, ಎ ಸೆಕ್ಷನ್ನಿಗೆ ಎರಡು ಅಂಕ, ಬಿ ಸೆಕ್ಷನ್ನಿಗೆ ಒಂದು. ಮಕ್ಕಳು ಪೇಪರ್ ಹೋಲಿಸಿ ನೋಡುತ್ತಾರೆ, ಅವರಿಗೆ ಇದೆಲ್ಲ ಗೊತ್ತಾಗುತ್ತದೆ.

ನನ್ನ ಪ್ರಕಾರ ಎತ್ತಿ ಬರೆಯುವುದರಲ್ಲೂ ಬೇರೆಬೇರೆ ಬಗೆ ಇವೆ. ಬಟ್ಟೆ ಹೊಲಿಯುವವರ ಕೆಲಸ ಗೊತ್ತಾಗುವುದು ಕತ್ತರಿ ಎಲ್ಲಿ ಹಾಕಿದರು ಎಂಬುದರಲ್ಲಿ. ಇಲ್ಲೂ ಹಾಗೇ. ಮಗು ಗದ್ಯಾಂಶವನ್ನು ಎಲ್ಲಿ ಕತ್ತರಿಸಿತು, ಯಾವ ತುಂಡು ತೆಗೆದುಕೊಂಡಿತು, ಯಾವುದನ್ನು ಬಿಟ್ಟಿತು ಎಂದು ನೋಡಿದರೆ ಅದಕ್ಕೆ ಅರ್ಥವಾಗಿದೆಯೋ ಇಲ್ಲವೋ ಬಹುಮಟ್ಟಿಗೆ ತಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಒಂಬತ್ತನೇ ತರಗತಿಯ ಕಿರುಪರೀಕ್ಷೆಗೆ ನಾನೇ ಬರೆದ ಗದ್ಯಾಂಶ ಇದು:

"ನನ್ನ ಅಜ್ಜ ನಮ್ಮೂರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಕೆರೆಯ ಕೆಳಗೆ ಅವರಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಆದ್ದರಿಂದಲೇ ಊರಿನವರು ಅವರ ಮಾತನ್ನು ನಂಬುತ್ತಿದ್ದರು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವರಿಗೆ ಭತ್ತ ಅಳೆದು ಕೊಡುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟಿತು. ಗೌಡರು ರಾತ್ರಿ ಮನೆಗೆ ಬಂದು, 'ನಮ್ಮ ಗದ್ದೆಗೆ ಒಂದು ದಿನ ಮುಂಚೆ ನೀರು ಬಿಡು' ಎಂದರು. ಅಜ್ಜ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಮರುದಿನ ಬೆಳಗ್ಗೆ ನೀರು ಸರದಿಯಂತೆ ಹನುಮಕ್ಕನ ಗದ್ದೆಗೇ ಹರಿಯಿತು."

ಪ್ರಶ್ನೆಗಳು ಮೂರು. ಒಂದು, ನೀರುಗಂಟಿ ಯಾರು, ಅವರ ಕೆಲಸವೇನು? ಎರಡು, ಊರಿನವರು ಅಜ್ಜನ ಮಾತನ್ನು ಏಕೆ ನಂಬುತ್ತಿದ್ದರು? ನಿಮ್ಮ ಮಾತಿನಲ್ಲಿ ಬರೆಯಿರಿ. ಮೂರು, ಗೌಡರ ಮಾತಿಗೆ ಅಜ್ಜನ ಉತ್ತರ ಏನಾಗಿತ್ತು?

ಮೊದಲ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉತ್ತರ ಒಂದೇ ಕಡೆ ಇದೆ, ಎತ್ತಿ ಬರೆದರೆ ಸಾಕು. 'ತೂಬು ಎತ್ತುವುದು, ಇಳಿಸುವುದು' ಎಂಬುದನ್ನು ಬೇರೆ ಮಾತಿನಲ್ಲಿ ಹೇಳು ಅಂದರೆ ನನಗೂ ಕಷ್ಟ. ತೂಬಿಗೆ ತೂಬು ಅಂತಲೇ ಹೇಳಬೇಕು. ಆದರೆ ಇಲ್ಲೂ ಒಂದು ಸಣ್ಣ ಬಲೆ ಇದೆ. ಕೆಲವರು 'ನನ್ನ ಅಜ್ಜ ನಮ್ಮೂರಿನ ನೀರುಗಂಟಿ' ಎಂದೇ ಬರೆಯುತ್ತಾರೆ. ಪಕ್ಕದಲ್ಲಿ 'ನಿನ್ನ ಅಜ್ಜನಾ?' ಅಂತ ಬರೆದು ಕಳಿಸುತ್ತೇನೆ. 'ಲೇಖಕರ ಅಜ್ಜ' ಎಂದು ಬದಲಿಸಿದ ಮಗು, ಈ ಮಾತು ಹೇಳುತ್ತಿರುವವರು ಬೇರೆ ಯಾರೋ ಎಂದು ತಿಳಿದೇ ಓದಿದೆ. ಬದಲಿಸದ ಮಗುವಿಗೆ ಅರ್ಥ ಆಗಿಲ್ಲ ಅಂತಲ್ಲ. ಆದರೆ ಆ ವಾಕ್ಯ ಅದರ ಕೈಯಿಂದ ಬಂದಿದೆ, ತಲೆಯಿಂದ ಬಂದಿಲ್ಲ. ಒಂದು ಅಂಕದ ಪ್ರಶ್ನೆ, ನಾನು ಕಡಿಯುವುದಿಲ್ಲ.

ಎರಡನೇ ಪ್ರಶ್ನೆಯಲ್ಲಿ ನಿಜವಾದ ವಿಷಯ ಇದೆ. ಇದಕ್ಕೆ ಬರುವ ಉತ್ತರಗಳು ಹೆಚ್ಚುಕಡಿಮೆ ಹೀಗಿರುತ್ತವೆ.

'ಆದ್ದರಿಂದಲೇ ಊರಿನವರು ಅವರ ಮಾತನ್ನು ನಂಬುತ್ತಿದ್ದರು.' ಇದು ಮೊದಲ ಬಗೆ. ಮಗು ಪ್ರಶ್ನೆಯಲ್ಲಿರುವ 'ಊರಿನವರು', 'ಮಾತನ್ನು', 'ನಂಬುತ್ತಿದ್ದರು' ಎಂಬ ಪದಗಳನ್ನು ಗದ್ಯಾಂಶದಲ್ಲಿ ಹುಡುಕಿದೆ. ಮೂರೂ ಒಂದೇ ಸಾಲಿನಲ್ಲಿ ಸಿಕ್ಕಿವೆ. ಆ ಸಾಲನ್ನು ಪೂರ್ಣವಿರಾಮದಿಂದ ಪೂರ್ಣವಿರಾಮದವರೆಗೆ ಎತ್ತಿದೆ. ಕೇಳಿದ್ದು 'ಏಕೆ' ಅಂತ, ಬಂದದ್ದು ಅದೇ ಪ್ರಶ್ನೆ ವಾಪಸ್. 'ಆದ್ದರಿಂದಲೇ' ಎಂಬ ಪದ ಅಲ್ಲಿ ಹಿಂದುಮುಂದಿಲ್ಲದೆ ನಿಂತಿದೆ. ಯಾವುದರಿಂದ? ಮಗು ತನ್ನನ್ನು ತಾನೇ ಈ ಪ್ರಶ್ನೆ ಕೇಳಿಕೊಂಡಿಲ್ಲ. ಇದಕ್ಕೆ ಸೊನ್ನೆ. ಎತ್ತಿ ಬರೆದದ್ದಕ್ಕಲ್ಲ, ಉತ್ತರ ಅಲ್ಲ ಎಂಬುದಕ್ಕೆ.

ಈ ಹುಡುಕುವ ಆಟಕ್ಕೆ ಅರ್ಥ ಬೇಕಾಗಿಲ್ಲ ಎಂಬುದನ್ನು ನಂಬದವರಿಗೆ ಒಂದು ವಾಕ್ಯ ಕೊಡುತ್ತೇನೆ. 'ಮಿರುಕರು ಪ್ರತಿ ಸಂಜೆ ಟೊಂಪೆಯಲ್ಲಿ ಗೊಸರನ್ನು ಜಿಂಬುತ್ತಿದ್ದರು.' ಈಗ ಹೇಳಿ, ಮಿರುಕರು ಗೊಸರನ್ನು ಎಲ್ಲಿ ಜಿಂಬುತ್ತಿದ್ದರು? ಟೊಂಪೆಯಲ್ಲಿ. ಯಾವಾಗ? ಪ್ರತಿ ಸಂಜೆ. ಏನನ್ನು ಜಿಂಬುತ್ತಿದ್ದರು? ಗೊಸರನ್ನು. ಮೂರಕ್ಕೆ ಮೂರು ಅಂಕ! ಮಿರುಕರು ಅಂದರೆ ಯಾರು, ಜಿಂಬುವುದು ಅಂದರೆ ಏನು, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಭಾಷೆಯ ವಿಭಕ್ತಿಗಳೇ ಉತ್ತರ ಹೇಳಿಕೊಟ್ಟುಬಿಡುತ್ತವೆ. 'ಅಲ್ಲಿ' ಇದ್ದರೆ ಜಾಗ, 'ಅನ್ನು' ಇದ್ದರೆ ವಸ್ತು. ನಾವು ಕೇಳುವ ಎಷ್ಟೋ ಪ್ರಶ್ನೆಗಳು ಇಷ್ಟೇ. ಅಂಥ ಪ್ರಶ್ನೆ ಕೇಳಿ, ಎತ್ತಿ ಬರೆದರು ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ನ್ಯಾಯ ಇಲ್ಲ.

ಎರಡನೇ ಬಗೆ: 'ಕೆರೆಯ ಕೆಳಗೆ ಅವರಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಆದ್ದರಿಂದಲೇ ಊರಿನವರು ಅವರ ಮಾತನ್ನು ನಂಬುತ್ತಿದ್ದರು.' ಒಂದು ಅಕ್ಷರವೂ ಮಗುವಿನದಲ್ಲ. ಆದರೆ ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದಿದೆ. ಪ್ರಶ್ನೆಯ ಪದಗಳು ಎರಡನೇ ವಾಕ್ಯದಲ್ಲಿವೆ, ಕಾರಣ ಅದರ ಹಿಂದಿನ ವಾಕ್ಯದಲ್ಲಿದೆ. 'ಆದ್ದರಿಂದ' ಎಂಬುದು ಹಿಂದಕ್ಕೆ ಬೆರಳು ತೋರಿಸುತ್ತದೆ ಎಂದು ತಿಳಿದೇ ಮಗು ಹಿಂದೆ ಹೋಗಿದೆ. ಅದರ ಹಿಂದಿನ ತೂಬಿನ ವಾಕ್ಯವನ್ನು ತೆಗೆದುಕೊಂಡಿಲ್ಲ. ಮುಂದಿನ ಭತ್ತದ ವಾಕ್ಯವನ್ನೂ ಮುಟ್ಟಿಲ್ಲ. ಇದು ಓದಿದ ಮಗು. ಇದಕ್ಕೂ ಮೊದಲನೆಯದಕ್ಕೂ ಒಂದೇ ಸೊನ್ನೆ ಕೊಡುವುದು ನನಗೆ ಆಗದ ಮಾತು.

ಮೂರನೇ ಬಗೆಯವರು 'ಕೆರೆಯ ತೂಬು ಎತ್ತುವುದು' ಎಂಬಲ್ಲಿಂದ ಹಿಡಿದು 'ಭತ್ತ ಅಳೆದು ಕೊಡುತ್ತಿದ್ದರು' ಎಂಬವರೆಗೆ ನಾಲ್ಕು ವಾಕ್ಯ ಇಳಿಸುತ್ತಾರೆ. ಸರಿಯುತ್ತರ ಅದರೊಳಗೆ ಎಲ್ಲೋ ಇದೆ. ಹುಡುಕಿಕೊಳ್ಳುವ ಕೆಲಸ ನಮಗೆ ಬಿಟ್ಟಿದ್ದಾರೆ. 'ಇದ್ದೇ ಇದೆಯಲ್ಲ ಮೇಡಂ' ಅಂತ ವಾದಕ್ಕೂ ಬರುತ್ತಾರೆ. ಇದೆ, ನಿಜ. ಆದರೆ ಭತ್ತ ಕೊಡುತ್ತಿದ್ದದ್ದು ನಂಬಿಕೆಗೆ ಕಾರಣವೋ, ಗದ್ದೆ ಇಲ್ಲದ್ದು ಕಾರಣವೋ ಎಂದು ಮಗು ತೀರ್ಮಾನ ಮಾಡಿಲ್ಲ. ಭತ್ತ ಕೊಟ್ಟದ್ದು ಅಜ್ಜನ ಕೂಲಿ, ಅದಕ್ಕೂ ನಂಬಿಕೆಗೂ ಸಂಬಂಧ ಇಲ್ಲ. ಹೆಚ್ಚಿಗೆ ಬರೆದ ಸಾಲು ತಪ್ಪು ಕಾರಣವನ್ನೂ ಹೊತ್ತು ತಂದರೆ ಅದು ತಪ್ಪು ಉತ್ತರವೇ. ಇದಕ್ಕೆ ನಾನು ಅರ್ಧ ಅಂಕಕ್ಕಿಂತ ಹೆಚ್ಚು ಕೊಡುವುದಿಲ್ಲ.

ನಾಲ್ಕನೆಯದು ನನಗೆ ಅತ್ಯಂತ ಕುತೂಹಲದ್ದು. 'ಸರೋವರದ ಅಡಿಯಲ್ಲಿ ಅವರಿಗೆ ಸ್ವಲ್ಪ ಹೊಲವೂ ಇರಲಿಲ್ಲ. ಹಾಗಾಗಿ ಗ್ರಾಮಸ್ಥರು ಅವರ ನುಡಿಯನ್ನು ವಿಶ್ವಾಸಿಸುತ್ತಿದ್ದರು.' ನೋಡಿ, 'ನಿಮ್ಮ ಮಾತಿನಲ್ಲಿ ಬರೆಯಿರಿ' ಎಂಬ ಸೂಚನೆಯನ್ನು ಮಗು ಅಕ್ಷರಶಃ ಪಾಲಿಸಿದೆ. ಒಂದೊಂದು ಪದಕ್ಕೂ ಸಮಾನಾರ್ಥಕ ಪದ ಹಾಕಿದೆ. ಗದ್ಯಾಂಶದ ಒಂದು ವಾಕ್ಯವೂ ಹಾಗೇ ಉಳಿದಿಲ್ಲ. ಎತ್ತಿ ಬರೆದದ್ದಕ್ಕೆ ಅಂಕ ಕಡಿಯುವವರು ಇದಕ್ಕೆ ಎರಡಕ್ಕೆ ಎರಡು ಕೊಟ್ಟುಬಿಡುತ್ತಾರೆ.

ಆದರೆ ಸರೋವರದ ಅಡಿಯಲ್ಲಿ ಯಾರಿಗೆ ತಾನೇ ಹೊಲ ಇರುತ್ತದೆ? 'ಕೆರೆಯ ಕೆಳಗೆ' ಎಂದರೆ ಏರಿಯ ಆಚೆ, ಆ ಕೆರೆಯ ನೀರು ಹರಿಯುವ ಅಚ್ಚುಕಟ್ಟಿನಲ್ಲಿ. ಮಗು ಅದನ್ನು ನೀರಿನ ತಳ ಎಂದುಕೊಂಡಿದೆ. ಗದ್ದೆ ಎಂಬಲ್ಲಿ ಹೊಲ ಹಾಕಿದಾಗ ನೀರಿನ ಸಂಬಂಧವೇ ಕಳಚಿಕೊಂಡಿದೆ. ಈ ಉತ್ತರದ ಕೆಳಗೆ ಅರ್ಥ ಇಲ್ಲ, ಬರೀ ಪದಗಳ ಅದಲುಬದಲು ಇದೆ. ಎತ್ತಿ ಬರೆದ ಎರಡನೇ ಮಗುವಿಗಿಂತ ಈ ಮಗು ಹಿಂದಿದೆ ಎಂದೇ ನನ್ನ ತೀರ್ಮಾನ. ತಮಾಷೆ ಏನೆಂದರೆ ಆ ಎರಡನೇ ಮಗುವೂ 'ಕೆರೆಯ ಕೆಳಗೆ' ಎಂಬುದನ್ನು ತಳ ಎಂದೇ ತಿಳಿದಿರಬಹುದು. ಎತ್ತಿ ಬರೆದಾಗ ಅದು ಮುಚ್ಚಿಹೋಗುತ್ತದೆ. ಎತ್ತಿ ಬರೆಯುವುದರ ನಿಜವಾದ ತೊಂದರೆ ಸೋಮಾರಿತನ ಅಲ್ಲ, ಇದು. ತಪ್ಪು ತಿಳಿವಳಿಕೆ ನಮ್ಮ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ಐದನೆಯದು ಹಿಂದಿನ ಬೆಂಚಿನಿಂದ ಬಂದದ್ದು: 'ಅವರ ಗದ್ದೆ ಇಲ್ಲ ಅಲ್ವಾ. ಅದಕ್ಕೆ ತನಗೇ ನೀರು ಜಾಸ್ತಿ ಬಿಟ್ಕೊಳಲ್ಲ ಅಂತ.' ಕಾಗುಣಿತ ಹಾಗೂ ಹೀಗೂ, ವಾಕ್ಯ ಮುಗಿದಿಲ್ಲ, ಬರವಣಿಗೆಯ ಭಾಷೆಯೂ ಅಲ್ಲ. ಆದರೆ ಗದ್ಯಾಂಶದಲ್ಲಿ ಎಲ್ಲೂ ಬರೆಯದ ಒಂದು ಮಾತು ಇಲ್ಲಿದೆ. ಗದ್ದೆ ಇಲ್ಲದಿದ್ದರೆ ನಂಬಿಕೆ ಯಾಕೆ ಹುಟ್ಟಬೇಕು? ನೀರಿನಲ್ಲಿ ತನಗೆ ಲಾಭ ಇಲ್ಲದವನು ಪಕ್ಷಪಾತ ಮಾಡುವುದಿಲ್ಲ ಎಂದು. ಗದ್ಯಾಂಶ ಇದನ್ನು ಹೇಳದೆ ಬಿಟ್ಟಿದೆ. ಆ ಎರಡು ವಾಕ್ಯಗಳ ನಡುವಿನ ಖಾಲಿ ಜಾಗವನ್ನು ಈ ಹುಡುಗ ತುಂಬಿದ್ದಾನೆ.

ನನ್ನ ಅಂಕದ ಲೆಕ್ಕ ಇಲ್ಲಿಂದಲೇ ಬಂದದ್ದು. ಎರಡು ಅಂಕದಲ್ಲಿ ಒಂದು, ಸರಿಯಾದ ಕಾರಣವನ್ನು ಗುರುತಿಸಿದ್ದಕ್ಕೆ. ಎತ್ತಿ ಬರೆದರೂ ಇದು ಸಿಗುತ್ತದೆ. ಇನ್ನೊಂದು, ಆ ಕಾರಣದಿಂದ ನಂಬಿಕೆ ಹೇಗೆ ಬಂತು ಎಂದು ಹೇಳಿದ್ದಕ್ಕೆ. ಇದು ಗದ್ಯಾಂಶದಲ್ಲಿ ಇಲ್ಲ, ಹಾಗಾಗಿ ಎತ್ತಲು ಆಗುವುದಿಲ್ಲ. ಈ ಲೆಕ್ಕದಲ್ಲಿ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಅರ್ಧ, ಐದನೆಯದಕ್ಕೆ ಎರಡು. ಸಮಾನಾರ್ಥಕ ಪದಗಳ ನಾಲ್ಕನೆಯದಕ್ಕೂ ಅರ್ಧ, ಕಾರಣದ ವಾಕ್ಯವನ್ನಾದರೂ ಹಿಡಿದಿದೆ ಎಂದು. ಎಲ್ಲೂ 'ಎತ್ತಿ ಬರೆದದ್ದಕ್ಕೆ ದಂಡ' ಎಂಬ ಸಾಲು ಇಲ್ಲ. ದಂಡದ ಅಗತ್ಯ ಬರುವುದಿಲ್ಲ. ಎರಡನೇ ಅಂಕ ಗದ್ಯಾಂಶದ ಹೊರಗೆ ಇಟ್ಟಿದ್ದೇನೆ, ಅಷ್ಟೇ.

ಹಾಗಾಗಿ ಪ್ರಶ್ನೆ ಬರೆಯುವಾಗಲೇ ಅರ್ಧ ಮೌಲ್ಯಮಾಪನ ಮುಗಿದಿರುತ್ತದೆ. ಪ್ರಶ್ನೆಯಲ್ಲಿ 'ನಿಮ್ಮ ಮಾತಿನಲ್ಲಿ' ಎಂದು ಕೇಳದೆ, ಉತ್ತರ ಒಂದೇ ಸಾಲಿನಲ್ಲಿ ಸಿಗುವಂತೆ ಇಟ್ಟು, ಆಮೇಲೆ ಸ್ವಂತ ವಾಕ್ಯ ಇಲ್ಲ ಎಂದು ಅಂಕ ಕಡಿಯಲು ಬರುವುದಿಲ್ಲ. ಬೋರ್ಡ್ ಪರೀಕ್ಷೆಯಲ್ಲಂತೂ ನಮ್ಮ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಮಾದರಿ ಉತ್ತರದಲ್ಲಿ ಏನಿದೆಯೋ ಅದರಂತೆ ನಡೆಯಬೇಕು. ಎಸ್ಸೆಸ್ಸೆಲ್ಸಿ ಮಕ್ಕಳು ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನ ಕೇಳಬಹುದು. 'ಇದು ಮಗುವಿನ ಮಾತಲ್ಲ' ಎಂಬ ಕಾರಣ ಅಲ್ಲಿ ನಿಲ್ಲುವುದಿಲ್ಲ.

ಹೊರಗಿನ ಪರೀಕ್ಷೆಗಳಲ್ಲಿ ಇದನ್ನು ಎರಡು ರೀತಿ ಬಗೆಹರಿಸಿಕೊಂಡಿದ್ದಾರೆ. ಹದಿನೈದು ವರ್ಷದ ಮಕ್ಕಳಿಗೆ 2000ನೇ ಇಸವಿಯಿಂದ ಬೇರೆಬೇರೆ ದೇಶಗಳಲ್ಲಿ ನಡೆಯುತ್ತಿರುವ ಪಿಸಾ ಪರೀಕ್ಷೆಯ ಓದಿನ ಭಾಗ ಓದನ್ನು ಮಾತ್ರ ಅಳೆಯುತ್ತದೆ, ಬರಹವನ್ನಲ್ಲ. ಅಲ್ಲಿ ಅರ್ಥ ಕೆಡದಿದ್ದರೆ ಕಾಗುಣಿತದ ತಪ್ಪು ಲೆಕ್ಕಕ್ಕಿಲ್ಲ. ಎಷ್ಟೋ ಪ್ರಶ್ನೆಗಳಿಗೆ ಪಠ್ಯದ ಸರಿಯಾದ ಸಾಲನ್ನೇ ಎತ್ತಿ ಬರೆದರೂ ಪೂರ್ಣ ಅಂಕ. ಬೆಂಗಳೂರಿನ ಕೆಲವು ಶಾಲೆಗಳಲ್ಲಿರುವ ಕೇಂಬ್ರಿಡ್ಜ್ ಐಜಿಸಿಎಸ್ಇ ಇಂಗ್ಲಿಷ್ ಪತ್ರಿಕೆಯ ದಾರಿ ಬೇರೆ. ಅದರ ಸಾರಾಂಶದ ಪ್ರಶ್ನೆಯಲ್ಲಿ ಓದಿಗೆ ಬೇರೆ ಅಂಕ, ಬರಹಕ್ಕೆ ಬೇರೆ ಅಂಕ. ಪಠ್ಯದ ಸಾಲುಗಳನ್ನೇ ಇಳಿಸಿದರೆ ಬರಹದ ಅಂಕಕ್ಕೆ ಪೆಟ್ಟು ಬೀಳುತ್ತದೆ. ಎರಡೂ ನನಗೆ ಒಪ್ಪಿಗೆ. ನಾವು ಮಾಡುವುದು ಮಾತ್ರ ಮೂರನೆಯದು, ಒಂದೇ ಎರಡು ಅಂಕದಲ್ಲಿ ಓದು, ಬರಹ, ಕಾಗುಣಿತ ಎಲ್ಲವನ್ನೂ ಕಲಸಿಬಿಡುವುದು.

ಮಕ್ಕಳು ಯಾಕೆ ಎತ್ತಿ ಬರೆಯುತ್ತಾರೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಯಾವುದೇ ಪ್ರೈಮರಿ ಶಾಲೆಯ ಹಳೇ ಪಠ್ಯಪುಸ್ತಕ ತೆಗೆದು ನೋಡಿ. ಪಾಠದ ನಡುವೆ ಪೆನ್ಸಿಲ್ಲಿನಲ್ಲಿ ಕಂಸ ಹಾಕಿ, ಪಕ್ಕದಲ್ಲಿ ಪ್ರಶ್ನೆಯ ಸಂಖ್ಯೆ ಬರೆದಿರುತ್ತದೆ. 'ಮೂರನೇ ಪ್ರಶ್ನೆಗೆ ಇಲ್ಲಿಂದ ಇಲ್ಲಿಗೆ' ಅಂತ ಹೇಳಿ ಗುರುತು ಹಾಕಿಸುವವರು ನಾವೇ. ಮಗು ಅದನ್ನು ನೋಟ್ಸಿಗೆ ಇಳಿಸುತ್ತದೆ, ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಪೂರ್ತಿ ಅಂಕ ತರುತ್ತದೆ. ಒಂದು ಪದ ಬದಲಿಸಿದವನಿಗೆ 'ನೋಟ್ಸಿನಲ್ಲಿ ಇದ್ದ ಹಾಗೆ ಬರಿ' ಅಂತ ಬೈಗುಳ. ಏಳೆಂಟು ವರ್ಷ ಹೀಗೆ ಬೆಳೆದ ಮಗುವಿಗೆ ಒಂಬತ್ತನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಸ್ವಂತ ಮಾತು ಬೇಕು ಅಂದರೆ ಎಲ್ಲಿಂದ ತರಬೇಕು?

ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳಿಗಂತೂ ಎತ್ತಿ ಬರೆಯುವುದು ಜಾಣತನವೇ. ಅಚ್ಚಾದ ವಾಕ್ಯದಲ್ಲಿ ಒತ್ತಕ್ಷರ ಸರಿಯಾಗಿರುತ್ತದೆ, ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿರುತ್ತದೆ. ಸ್ವಂತ ವಾಕ್ಯ ಕಟ್ಟಿದರೆ ನಾವು ಅಲ್ಲೆಲ್ಲ ಕೆಂಪು ಸುತ್ತು ಹಾಕುತ್ತೇವೆ. ಹಿಂದಿನ ಬೆಂಚಿನ ಆ ಹುಡುಗನ ಉತ್ತರಕ್ಕೆ ಕಾಗುಣಿತಕ್ಕೆಂದು ಅರ್ಧ ಕಡಿದರೆ, ಮುಂದಿನ ಸಲ ಅವನೂ ಎತ್ತಿಯೇ ಬರೆಯುತ್ತಾನೆ. ಆದ್ದರಿಂದ ಗದ್ಯಾಂಶದ ಉತ್ತರದಲ್ಲಿ ನಾನು ಕಾಗುಣಿತ ತಿದ್ದುತ್ತೇನೆ, ಅಂಕ ಕಡಿಯುವುದಿಲ್ಲ. ಅದಕ್ಕೆ ಪ್ರಬಂಧ ಇದೆ, ಪತ್ರಲೇಖನ ಇದೆ, ಅಲ್ಲಿ ನೋಡಿಕೊಂಡರಾಯಿತು.

ಅಭ್ಯಾಸಕ್ಕೆ ತರಗತಿಯಲ್ಲಿ ಮಾಡಿಸುವುದು ಇಷ್ಟು. ಗದ್ಯಾಂಶ ಓದಿ, ಹಾಳೆ ಬೋರಲು ಹಾಕಿ, ಪಕ್ಕದವರಿಗೆ ಉತ್ತರವನ್ನು ಬಾಯಲ್ಲಿ ಹೇಳಬೇಕು. ಹೇಳಿದ್ದನ್ನೇ ಬರೆಯಬೇಕು. ಆಮೇಲೆ ಹಾಳೆ ತಿರುಗಿಸಿ ಹೆಸರು, ಕಾಗುಣಿತ ಸರಿಮಾಡಿಕೊಳ್ಳಬಹುದು. ಬಾಯಲ್ಲಿ ಯಾರೂ 'ಒಂದು ಗುಂಟೆ ಗದ್ದೆಯೂ ಇರಲಿಲ್ಲ, ಆದ್ದರಿಂದಲೇ' ಅಂತ ಹೇಳುವುದಿಲ್ಲ. 'ಅವರಿಗೆ ಗದ್ದೆ ಇರ್ಲಿಲ್ಲ ಕಣೋ, ಮತ್ಯಾಕೆ ಮೋಸ ಮಾಡ್ತಾರೆ' ಅಂತಲೇ ಬರುತ್ತದೆ. ಇದರಲ್ಲಿ ಒಂದು ಅಪಾಯವೂ ಇದೆ. ಕೆಲವರು ನೆನಪಿಗೆ ಬಾರದ ಕಡೆ ಕತೆ ಕಟ್ಟಿಬಿಡುತ್ತಾರೆ. ಅಜ್ಜ ಗೌಡರಿಗೆ ಬೈದು ಕಳಿಸಿದರು ಅಂತ ಒಬ್ಬಳು ಬರೆದಿದ್ದಳು. ಗದ್ಯಾಂಶ ಉದ್ದವಾದಷ್ಟೂ ಇದು ಜಾಸ್ತಿ. ಇಂಥ ಏಳೆಂಟು ಸಾಲಿನ ತುಣುಕಿಗೆ ಮಾತ್ರ ಇದು ಹೊಂದುತ್ತದೆ.

ಕೊನೆಗೆ ಮೂರನೇ ಪ್ರಶ್ನೆ. ಗೌಡರ ಮಾತಿಗೆ ಅಜ್ಜನ ಉತ್ತರ ಏನಾಗಿತ್ತು? ಇದರಲ್ಲಿ 'ನಿಮ್ಮ ಮಾತಿನಲ್ಲಿ' ಎಂಬ ಸೂಚನೆ ಇಲ್ಲ. ಹೆಚ್ಚಿನವರು 'ಅಜ್ಜ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು' ಎಂದು ಎತ್ತಿದ್ದರು. ಗೌಡರು ಕೇಳಿದ ತಕ್ಷಣದ ಸಾಲು ಅದು, ಹಾಗಾಗಿ ಉತ್ತರ ಅದೇ ಇರಬೇಕು ಎಂಬ ಲೆಕ್ಕ. ಕೆಲವರು 'ಅಜ್ಜ ಒಪ್ಪಲಿಲ್ಲ' ಎಂದು ತಮ್ಮ ಮಾತಿನಲ್ಲಿ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಬೇರೇನೂ ಸೇರಿಸದೆ ಬರೆದಿದ್ದಳು: 'ಮರುದಿನ ಬೆಳಗ್ಗೆ ನೀರು ಸರದಿಯಂತೆ ಹನುಮಕ್ಕನ ಗದ್ದೆಗೇ ಹರಿಯಿತು.'

ಅಕ್ಷರಕ್ಕೆ ಅಕ್ಷರ ಎತ್ತಿದ್ದು. ಆದರೆ ಪ್ರಶ್ನೆಯ ಒಂದು ಪದವೂ ಆ ಸಾಲಿನಲ್ಲಿ ಇಲ್ಲ. ಅಜ್ಜನ ಹೆಸರಿಲ್ಲ, ಗೌಡರಿಲ್ಲ, ಉತ್ತರ ಎಂಬ ಮಾತಿಲ್ಲ. ಪದ ಹುಡುಕಿಕೊಂಡು ಹೋದವಳಿಗೆ ಇದು ಸಿಗುವುದಿಲ್ಲ. ಅಜ್ಜ ಬಾಯಲ್ಲಿ ಹೇಳದ 'ಇಲ್ಲ'ವನ್ನು ತೂಬಿನಲ್ಲಿ ಹೇಳಿದರು ಎಂದು ತಿಳಿದವಳಿಗೆ ಮಾತ್ರ ಸಿಗುತ್ತದೆ. ನಾನು ಪೂರ್ತಿ ಎರಡು ಅಂಕ ಕೊಟ್ಟೆ.

ಬಿ ಸೆಕ್ಷನ್ ನೋಡುವ ಹಿರಿಯ ಮೇಷ್ಟ್ರು ಒಪ್ಪಲಿಲ್ಲ. "ಅದು ಕೊನೇ ಸಾಲು ಕಣಮ್ಮಾ. ಏನೂ ತೋಚದಿದ್ದಾಗ ಮಕ್ಕಳು ಕೊನೇ ಸಾಲು ಎತ್ತಿ ಇಡ್ತಾರೆ. ನಾನು ಇಷ್ಟು ವರ್ಷದಿಂದ ನೋಡ್ತಾ ಇದೀನಿ" ಎಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಒಂದೇ ಉತ್ತರ ನೋಡಿ ಕತ್ತರಿ ಗೊತ್ತಿದ್ದೇ ಬಿತ್ತೋ ಸುಮ್ನೆ ಬಿತ್ತೋ ಹೇಳಲು ಬರುವುದಿಲ್ಲ. ಅವಳ ಎರಡನೇ ಉತ್ತರ ತೆಗೆದು ತೋರಿಸಿದೆ. ಅಲ್ಲೂ ಎತ್ತಿಯೇ ಬರೆದಿದ್ದಳು, ಆದರೆ ಎರಡು ವಾಕ್ಯ, ಸರಿಯಾದ ಎರಡು ವಾಕ್ಯ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿ, "ಒಂದೂವರೆ ಕೊಡು" ಎಂದರು. ನಾನು ಎರಡನ್ನೇ ಉಳಿಸಿದೆ.

ಈ ವರ್ಷ ಅದೇ ಗದ್ಯಾಂಶವನ್ನು ಹೊಸ ಬ್ಯಾಚಿಗೆ ಕೊಡುವಾಗ ಕೊನೆಗೆ ಇನ್ನೊಂದು ವಾಕ್ಯ ಸೇರಿಸಿದ್ದೇನೆ: 'ಆ ವರ್ಷದ ಸುಗ್ಗಿಯಲ್ಲಿ ಗೌಡರ ಮನೆಯಿಂದಲೂ ಭತ್ತ ಬಂತು.' ಈಗ ಹನುಮಕ್ಕನ ಗದ್ದೆಯ ಸಾಲು ಕೊನೆಯದಲ್ಲ. ಮೇಷ್ಟ್ರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಅವರ ಸೆಕ್ಷನ್ನಿನ ಪರೀಕ್ಷೆ ಮುಂದಿನ ವಾರ.